ಫೋಟೋದ ಅಂಚಿನಲ್ಲಿ ಕತ್ತರಿಸಿಹೋದ ಗೆರೆ: ಒಂದು ಪೆಡಿಗ್ರಿ ಚಾರ್ಟ್ ಬಿಡಿಸಿದ ಪ್ರಕರಣ

ನನ್ನ ಹತ್ತಿರ ಜೀವಶಾಸ್ತ್ರ ಹೇಳಿಸಿಕೊಳ್ಳುವ ಹುಡುಗಿಯೊಬ್ಬಳು ಒಂದು ರಾತ್ರಿ ಫೋನಿಗೆ ಫೋಟೋ ಕಳಿಸಿದಳು. ಪುಸ್ತಕದ ಒಂದು ಪುಟ, ಅದರಲ್ಲೊಂದು ಪೆಡಿಗ್ರಿ ಚಾರ್ಟ್, ಅಂದರೆ ಒಂದು ಕುಟುಂಬದಲ್ಲಿ ಯಾರಿಗೆ ರೋಗ ಬಂತು, ಯಾರಿಗಿಲ್ಲ ಎಂದು ಪೀಳಿಗೆವಾರು ತೋರಿಸುವ ಚಿತ್ರ. ಜೊತೆಗೆ ಅವಳ ಮೆಸೇಜು: "ಮೇಡಂ, ಇದು ಎಕ್ಸ್-ಲಿಂಕ್ಡ್ ರಿಸೆಸಿವ್ ಅಲ್ವಾ? ರೋಗ ಇರೋರು ಜಾಸ್ತಿ ಗಂಡಸರೇ. ಹುಡುಗಿ ಒಬ್ಬಳೇ. ಆದ್ರೆ ಪುಸ್ತಕದ ಹಿಂದೆ ಆಟೋಸೋಮಲ್ ಅಂತ ಉತ್ತರ ಕೊಟ್ಟಿದ್ದಾರೆ. ಪ್ರಿಂಟ್ ತಪ್ಪಾ?"

ಪ್ರಿಂಟ್ ತಪ್ಪಿರಲಿಲ್ಲ. ಆದರೆ ಅವಳ ಫೋಟೋ ನೋಡಿದರೆ ನಾನೂ "ಆಟೋಸೋಮಲ್ಲೇ ಸರಿ" ಎಂದು ಖಚಿತವಾಗಿ ಹೇಳುವ ಹಾಗಿರಲಿಲ್ಲ. ಯಾಕೆ ಹೇಳಲಾಗಲಿಲ್ಲ, ಕೊನೆಗೆ ಹೇಗೆ ಹೇಳಿದೆವು ಎಂಬುದನ್ನು ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಇಂಥ ಪ್ರಶ್ನೆಗಳಲ್ಲಿ ಮಕ್ಕಳು ಎಡವುವುದು ತಳಿಶಾಸ್ತ್ರ ಗೊತ್ತಿಲ್ಲದೆ ಅಲ್ಲ. ಚಿತ್ರ ಓದಿ ಮುಗಿಸುವ ಮೊದಲೇ ಉತ್ತರಕ್ಕೆ ಕೈ ಹಾಕುವುದರಿಂದ.

ಮೊದಲು ಚಾರ್ಟ್. ಚೌಕ ಎಂದರೆ ಗಂಡು, ವೃತ್ತ ಎಂದರೆ ಹೆಣ್ಣು. ಒಳಗೆ ಬಣ್ಣ ತುಂಬಿದ್ದರೆ ಆ ವ್ಯಕ್ತಿಗೆ ರೋಗ ಇದೆ, ಖಾಲಿ ಇದ್ದರೆ ಇಲ್ಲ. ಪೀಳಿಗೆಗೆ ರೋಮನ್ ಅಂಕಿ, ಒಂದೇ ಸಾಲಿನವರಿಗೆ ಎಡದಿಂದ ಬಲಕ್ಕೆ 1, 2, 3. ಫೋಟೋದಲ್ಲಿ ನನಗೆ ಕಂಡಿದ್ದು ಇಷ್ಟು, ಮಕ್ಕಳಿಗೆ ಮೇಲಿನಿಂದ ಇಳಿಯುವ ಗೆರೆಗಳನ್ನು ಮಾತ್ರ ಇಲ್ಲಿ ಬಿಟ್ಟಿದ್ದೇನೆ:

```
I      □1 ─── ○2
II     ■1     ○2 ─── ?3     ■4
III    □1     ●2 ─── □3     ■4
```

I-1 ಮತ್ತು I-2 ದಂಪತಿ. ಇಬ್ಬರಿಗೂ ರೋಗವಿಲ್ಲ. ಅವರ ಮಕ್ಕಳು ಮೂವರು: II-1, II-2, II-4. ಗಂಡುಮಕ್ಕಳಿಬ್ಬರಿಗೂ ರೋಗ ಇದೆ, ಮಗಳಿಗೆ ಇಲ್ಲ. ಆ ಮಗಳ ಗಂಡ II-3, ಹೊರಗಿನಿಂದ ಬಂದವನು. ಅವರಿಬ್ಬರ ಮಕ್ಕಳು III-1, III-2, III-4. ದೊಡ್ಡ ಮಗ ಆರೋಗ್ಯವಾಗಿದ್ದಾನೆ, ಮಗಳಿಗೂ ಚಿಕ್ಕ ಮಗನಿಗೂ ರೋಗ ಇದೆ. III-3 ಆ ಮಗಳ ಗಂಡ.

III-3 ಅಣ್ಣತಮ್ಮಂದಿರ ಮಧ್ಯೆಯೇ ಕೂತಿದ್ದಾನಲ್ಲ, ಅವನೂ ಮಗನೇ ಇರಬಹುದಲ್ಲ ಎಂದು ಒಂದು ಕ್ಷಣ ಅನಿಸುತ್ತದೆ. ಇಲ್ಲ. ಮಗ ಅಥವಾ ಮಗಳಾದರೆ ಗೆರೆ ತಲೆಯ ಮೇಲಿಂದ ಇಳಿಯಬೇಕು. ಮದುವೆಯ ಗೆರೆ ಪಕ್ಕದಿಂದ ಬಂದು ಸೇರುತ್ತದೆ. III-3ರ ತಲೆಯ ಮೇಲೆ ಯಾವ ಗೆರೆಯೂ ಇಲ್ಲ. ಫೋಟೋ ಮಂಜಾಗಿದ್ದಾಗ ಈ ಎರಡು ಗೆರೆ ಕಲಸಿಹೋಗುವುದು ತುಂಬ ಸುಲಭ. ಅದಕ್ಕೇ ನಾನು ಯಾವ ಚಾರ್ಟ್ ಬಂದರೂ ಮೊದಲು ಬೆರಳಿಟ್ಟು ಪ್ರತಿಯೊಬ್ಬರ ತಲೆಯ ಮೇಲಿನ ಗೆರೆ ಹುಡುಕುತ್ತೇನೆ. ಯಾರ ತಲೆಯ ಮೇಲೆ ಗೆರೆ ಇಲ್ಲವೋ ಅವರು ಹೊರಗಿನಿಂದ ಬಂದವರು, ಇಲ್ಲವೇ ಚಾರ್ಟಿನ ಮೂಲದವರು.

ಇನ್ನು II-3ರ ಪ್ರಶ್ನಾರ್ಥಕ ಚಿಹ್ನೆ. ಅದನ್ನು ಹಾಕಿದ್ದು ನಾನು, ಪುಸ್ತಕದಲ್ಲಿ ಅದಿಲ್ಲ. ಆ ಪುಸ್ತಕದಲ್ಲಿ ರೋಗ ಇರುವವರ ಚಿಹ್ನೆಗಳಿಗೆ ಕಪ್ಪಲ್ಲ, ಬೂದು ಬಣ್ಣ ತುಂಬಿದ್ದಾರೆ. ಹುಡುಗಿ ಫೋಟೋ ತೆಗೆದದ್ದು ರಾತ್ರಿ, ದೀಪ ಬೆನ್ನ ಹಿಂದೆ. ಹಾಗಾಗಿ ಅವಳ ಫೋನಿನ ನೆರಳು ಪುಟದ ಮೇಲೆ ಓರೆಯಾಗಿ ಬಿದ್ದಿತ್ತು, ಸರಿಯಾಗಿ II-3ರ ಮೇಲೆ. ಅವಳು ಅದನ್ನು ಬಣ್ಣ ತುಂಬಿದ ಚೌಕ ಎಂದೇ ಓದಿದ್ದಳು. ತಪ್ಪಲ್ಲ, ಹಾಗೆಯೇ ಕಾಣುತ್ತಿತ್ತು.

ಫೋಟೋ ದೊಡ್ಡದು ಮಾಡಿ ನೋಡಿದೆ. ನೆರಳಿಗೂ ಬಣ್ಣಕ್ಕೂ ಒಂದು ವ್ಯತ್ಯಾಸ ಇದೆ. ಅಚ್ಚಿನ ಬಣ್ಣ ಚೌಕದ ಗೆರೆಗೆ ಬಂದು ನಿಲ್ಲುತ್ತದೆ, ಆಚೆ ಕಾಗದ ಬೆಳ್ಳಗಿರುತ್ತದೆ. ನೆರಳು ಗೆರೆಯಲ್ಲಿ ನಿಲ್ಲುವುದಿಲ್ಲ. ಅದು ಹೊರಗಿನ ಕಾಗದಕ್ಕೂ ಪಕ್ಕದ ಅಂಕಿಗೂ ಹರಡಿಕೊಂಡು, ಅಂಚಿನಲ್ಲಿ ಮೆಲ್ಲಗೆ ತಿಳಿಯಾಗುತ್ತದೆ. ಇಲ್ಲಿ II-3ರ ಸುತ್ತಲಿನ ಕಾಗದವೂ ಮಬ್ಬಾಗಿತ್ತು. ಅಂದರೆ ನೆರಳು ಇರುವುದಂತೂ ನಿಜ. ಆದರೆ ನೆರಳಿನ ಕೆಳಗೆ ಬಣ್ಣವೂ ಇಲ್ಲ ಎನ್ನಲು ಅಷ್ಟು ಸಾಲದು. ಒಳಗೂ ಹೊರಗೂ ಒಂದೇ ಮಟ್ಟದ ಬೂದು ಇದೆಯಾ ಎಂದು ನೋಡಿದೆ. ಮೆಸೇಜಿನಲ್ಲಿ ಬಂದ ಫೋಟೋ ಸಂಕುಚಿತವಾಗಿ ಚುಕ್ಕಿಚುಕ್ಕಿಯಾಗಿತ್ತು, ಹೇಳಲಾಗಲಿಲ್ಲ. ಹಾಗಾಗಿ ಅದನ್ನು ಪ್ರಶ್ನಾರ್ಥಕವಾಗಿಯೇ ಬಿಟ್ಟು, ಅದಿಲ್ಲದೆ ಎಷ್ಟು ದೂರ ಹೋಗಬಹುದು ಎಂದು ನೋಡಲು ಹೊರಟೆ.

ಮೊದಲ ಹೆಜ್ಜೆಗೆ ಆ ಚೌಕ ಬೇಕಾಗಿಯೇ ಇಲ್ಲ. ಮೇಲಿನ ಮನೆ ನೋಡಿ: I-1, I-2 ಇಬ್ಬರೂ ಖಾಲಿ, ಮಗ II-1 ತುಂಬಿದ್ದಾನೆ. ರೋಗದ ಜೀನ್ ಡಾಮಿನೆಂಟ್ ಆಗಿದ್ದರೆ, ಅಂದರೆ ಒಂದೇ ಪ್ರತಿ ಇದ್ದರೂ ರೋಗ ಬರುವಂತಿದ್ದರೆ, ಅದನ್ನು ಕೊಟ್ಟ ಅಪ್ಪನಿಗೋ ಅಮ್ಮನಿಗೋ ರೋಗ ಇರಲೇಬೇಕಿತ್ತು. ಇಬ್ಬರಿಗೂ ಇಲ್ಲ. ಆದ್ದರಿಂದ ರೋಗ ರಿಸೆಸಿವ್, ಅಂದರೆ ಸರಿಯಿರುವ ಪ್ರತಿ ಒಂದು ಜೊತೆಗಿದ್ದರೆ ರೋಗ ಕಾಣಿಸುವುದಿಲ್ಲ. ಜೀನ್ ಒಳಗೆ ಅಡಗಿತ್ತು, ಮಗನಲ್ಲಿ ಹೊರಗೆ ಬಂತು.

ಪರೀಕ್ಷೆಯ ಚಾರ್ಟುಗಳಲ್ಲಿ ಈ ತರ್ಕ ಕಣ್ಣುಮುಚ್ಚಿ ನಂಬಬಹುದು. ನಿಜವಾದ ಕುಟುಂಬಗಳಲ್ಲಿ ಅಷ್ಟು ಸರಾಗವಲ್ಲ ಎಂದು ಅವಳಿಗೆ ಹೇಳಿದೆ. ಅಕಾಂಡ್ರೋಪ್ಲೇಸಿಯಾ ಎಂಬ ಒಂದು ಬಗೆಯ ಕುಳ್ಳತನ ಡಾಮಿನೆಂಟ್. ಆದರೂ ಅದಿರುವ 10 ಜನರಲ್ಲಿ ಸುಮಾರು 8 ಮಂದಿಯ ಅಪ್ಪ ಅಮ್ಮ ಸಾಮಾನ್ಯ ಎತ್ತರದವರು. ಅಲ್ಲಿ ಜೀನಿನ ಬದಲಾವಣೆ ಆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ಅಂಥ ಮಗುವಿನ ಚಾರ್ಟ್ ಬರೆದರೆ ನಮ್ಮ ಮೇಲಿನ ಮನೆಯಂತೆಯೇ ಕಾಣುತ್ತದೆ. ಆದರೆ ನಮ್ಮ ಚಾರ್ಟಿನಲ್ಲಿ ಒಂದೇ ದಂಪತಿಗೆ ಅಂಥ ಮಕ್ಕಳು ಇಬ್ಬರು. ಆರೋಗ್ಯವಾಗಿರುವ ಮಗಳ ಮಕ್ಕಳಲ್ಲಿ ಮತ್ತೆ ಇಬ್ಬರು. ಇಷ್ಟೊಂದು ಸಲ ಹೊಸ ಬದಲಾವಣೆ ಅದೇ ಮನೆಯಲ್ಲಿ ಆಗುತ್ತದೆ ಎನ್ನುವುದಕ್ಕಿಂತ ಜೀನ್ ಅಡಗಿ ಬಂತು ಎನ್ನುವುದೇ ನಂಬುವ ಮಾತು.

ಹುಡುಗಿಗೂ ಇಲ್ಲಿಯವರೆಗೆ ತಕರಾರಿಲ್ಲ. ಅವಳೂ ರಿಸೆಸಿವ್ ಎಂದೇ ಬರೆದಿದ್ದಳು. ಜಗಳ ಇರುವುದು ಜೀನ್ ಎಲ್ಲಿ ಕೂತಿದೆ ಎನ್ನುವುದರಲ್ಲಿ. X ಕ್ರೋಮೋಸೋಮಿನ ಮೇಲೋ, ಅಥವಾ ಗಂಡು ಹೆಣ್ಣು ಇಬ್ಬರಲ್ಲೂ ಜೋಡಿಯಾಗಿರುವ ಆಟೋಸೋಮುಗಳ ಮೇಲೋ?

ಅವಳ ವಾದ: "ರೋಗ ಇರುವವರು ಐದು ಜನ, ಅದರಲ್ಲಿ ನಾಲ್ವರು ಗಂಡಸರು." ಹೆಂಗಸರಲ್ಲಿ X ಎರಡು, ಗಂಡಸರಲ್ಲಿ ಒಂದೇ. ಆ ಒಂದರಲ್ಲಿ ದೋಷ ಇದ್ದರೆ ಮುಚ್ಚಿಡಲು ಇನ್ನೊಂದಿಲ್ಲ. ಅದಕ್ಕೇ X ಮೇಲಿನ ರಿಸೆಸಿವ್ ರೋಗಗಳು ಗಂಡಸರಲ್ಲಿ ಜಾಸ್ತಿ. ಮಾತು ನಿಜ. ಆದರೆ ಅದನ್ನು ತಿರುಗಿಸಿ, ಗಂಡಸರಲ್ಲಿ ಜಾಸ್ತಿ ಕಂಡರೆ X ಮೇಲಿದೆ ಎನ್ನಲಾಗದು. ಐದು ಜನ ತುಂಬ ಕಡಿಮೆ. ಅದೂ II-3 ಆ ಐವರಲ್ಲಿ ಒಬ್ಬ, ಅವನ ವಿಷಯವೇ ಅನುಮಾನ. ಅವನನ್ನು ಬಿಟ್ಟರೆ ನಾಲ್ವರು, ಅದರಲ್ಲಿ ಮೂವರು ಗಂಡಸರು. ನಾಲ್ಕು ನಾಣ್ಯ ಒಟ್ಟಿಗೆ ಎಸೆಯಿರಿ. ಮೂರು ಅಥವಾ ನಾಲ್ಕು ತಲೆ ಬೀಳುವ ಸಾಧ್ಯತೆ 16ರಲ್ಲಿ 5. ಮೂರು ಸಲಕ್ಕೆ ಸುಮಾರು ಒಂದು ಸಲ ಸುಮ್ನೆ ಹಾಗೇ ಬೀಳುತ್ತದೆ. ಅಷ್ಟು ಸಾಮಾನ್ಯವಾದ ಸಂಗತಿಯನ್ನು ಸಾಕ್ಷಿ ಎನ್ನಲಾಗುವುದಿಲ್ಲ.

ಎರಡನೆಯದಾಗಿ ಅವಳು ಪನ್ನೆಟ್ ಚೌಕವನ್ನೂ ಬರೆದಿದ್ದಳು. ಇಂಗ್ಲೆಂಡಿನ ರೆಜಿನಾಲ್ಡ್ ಪನ್ನೆಟ್ ಅವರ ಹೆಸರಿನಲ್ಲಿರುವ ಈ ಚೌಕದಲ್ಲಿ ಅಮ್ಮ ಕೊಡಬಹುದಾದದ್ದು ಒಂದು ಬದಿ, ಅಪ್ಪ ಕೊಡಬಹುದಾದದ್ದು ಇನ್ನೊಂದು ಬದಿ. ಒಳಗಿನ ನಾಲ್ಕು ಮನೆಗಳಲ್ಲಿ ಮಗುವಿಗೆ ಸಿಗಬಹುದಾದ ಜೋಡಿಗಳು. ರೋಗದ ಜೀನಿಗೆ a, ಸರಿಯಿರುವುದಕ್ಕೆ A. ಅವಳು II-2ನ್ನು ಕ್ಯಾರಿಯರ್ ಎಂದುಕೊಂಡಳು. ಕ್ಯಾರಿಯರ್ ಎಂದರೆ ರೋಗವಿಲ್ಲ, ಜೀನ್ ಇದೆ. II-3ಕ್ಕೆ ರೋಗ ಇದೆ ಎಂದುಕೊಂಡಳು.

```
           Xa        Y
  XA     XA Xa     XA Y
  Xa     Xa Xa     Xa Y
```

ಎಡಬದಿ ಅಮ್ಮ, ಮೇಲೆ ಅಪ್ಪ. ಮಗಳಿಗೆ ರೋಗ ಬರಬಹುದು, ಬಂದಿದೆ. ಒಬ್ಬ ಮಗನಿಗೆ ಬರದೇ ಇರಬಹುದು, ಇನ್ನೊಬ್ಬನಿಗೆ ಬರಬಹುದು. ಎಲ್ಲವೂ ಕೂತುಬಿಟ್ಟಿತು. "ನೋಡಿ ಮೇಡಂ, ಕರೆಕ್ಟಾಗಿ ಬರುತ್ತೆ" ಎಂದಳು.

ಬರುತ್ತದೆ. ಆದರೆ ಅದೇ ಮನೆಗೆ ಆಟೋಸೋಮಲ್ ಚೌಕ ಹಾಕಿ ನೋಡು ಎಂದೆ. ಅಮ್ಮ Aa, ಅಪ್ಪ aa. ಮಕ್ಕಳು ಅರ್ಧ Aa, ಅರ್ಧ aa. ಗಂಡಾಗಲಿ ಹೆಣ್ಣಾಗಲಿ ರೋಗ ಬರಬಹುದು, ಬರದೆಯೂ ಇರಬಹುದು. ಅದೂ ಕರೆಕ್ಟಾಗಿ ಕೂತಿತು. ಅವಳು ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ.

ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಇಲ್ಲಿದೆ. ಒಂದು ಊಹೆ ಚಾರ್ಟಿಗೆ ಹೊಂದುತ್ತದೆ ಎನ್ನುವುದರಿಂದ ಏನೂ ಸಾಬೀತಾಗುವುದಿಲ್ಲ. ಬೇಕಾದದ್ದು ಒಂದು ಊಹೆಯನ್ನು ಮುರಿಯುವ ಮೂರು ಜನ: ಅಪ್ಪ, ಅಮ್ಮ, ಮಗು. X ಮೇಲಿನ ರಿಸೆಸಿವ್ ಎಂಬ ಊಹೆಯನ್ನು ಮುರಿಯಲು ಎರಡೇ ಬಗೆಯ ಮೂವರು ಸಾಕು. ಎರಡೂ ಒಂದೇ ಸಂಗತಿಯಿಂದ ಹುಟ್ಟುತ್ತವೆ. ಅಪ್ಪ ತನ್ನ X ಅನ್ನು ಮಗಳಿಗೆ ಮಾತ್ರ ಕೊಡುತ್ತಾನೆ, ಮಗನಿಗೆ Y ಕೊಡುತ್ತಾನೆ. ಮಗನ X ಯಾವಾಗಲೂ ಅಮ್ಮನದು.

ಹಾಗಾಗಿ ರೋಗ ಇರುವ ಮಗಳಿಗೆ ಅಪ್ಪನಿಂದಲೂ ಒಂದು ಕೆಟ್ಟ X ಬಂದಿರಬೇಕು. ಅಪ್ಪನಿಗೆ ಇರುವುದೇ ಒಂದು X, ಆದ್ದರಿಂದ ಅವನಿಗೂ ರೋಗ ಇರಬೇಕು. ಅಪ್ಪ ಖಾಲಿ ಚೌಕ, ಮಗಳು ತುಂಬಿದ ವೃತ್ತ ಆದರೆ X ಊಹೆ ಅಲ್ಲಿಗೇ ಮುಗಿಯಿತು. ಇನ್ನೊಂದು, ರೋಗ ಇರುವ ಅಮ್ಮನ ಎರಡೂ X ಕೆಟ್ಟವು. ಗಂಡುಮಕ್ಕಳಿಗೆಲ್ಲ ಅದರಲ್ಲೊಂದು ಹೋಗುತ್ತದೆ. ಎಲ್ಲರಿಗೂ ರೋಗ ಬರಲೇಬೇಕು. ಅಮ್ಮ ತುಂಬಿದ ವೃತ್ತ, ಒಬ್ಬನೇ ಒಬ್ಬ ಮಗ ಖಾಲಿ ಚೌಕ ಆದರೂ X ಊಹೆ ಮುಗಿಯಿತು.

X ಮೇಲಿನ ಜೀನ್ ನಿಜವಾಗಿ ಹೇಗೆ ಓಡಾಡುತ್ತದೆ ಎಂಬುದಕ್ಕೆ ಅವಳಿಗೆ ವಿಕ್ಟೋರಿಯಾ ರಾಣಿಯ ಮನೆಯ ಉದಾಹರಣೆ ಕೊಟ್ಟೆ. ರಾಣಿಯ ಮಗ ಲಿಯೋಪೋಲ್ಡ್‌ಗೆ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಇತ್ತು. ಅವನ ಮಗನಿಗೆ ಬರಲಿಲ್ಲ, ಅಪ್ಪನಿಂದ ಸಿಕ್ಕಿದ್ದು Y ತಾನೇ. ಮಗಳು ಆಲಿಸ್ ಕ್ಯಾರಿಯರ್ ಆದಳು. ಅವಳ ಮಗ ರೂಪರ್ಟ್‌ಗೆ ರೋಗ ಬಂತು. ತಾತನಿಂದ ಮಗಳ ಮೂಲಕ ಮೊಮ್ಮಗನಿಗೆ, ಓರೆಯಾಗಿ. ಆಲಿಸ್‌ಗೆ ಸ್ವತಃ ರೋಗ ಇದ್ದಿದ್ದರೆ ಅವಳ ಗಂಡುಮಕ್ಕಳಲ್ಲಿ ಒಬ್ಬನೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಈಗ ನಮ್ಮ ಚಾರ್ಟಿಗೆ ವಾಪಸ್. ಮೊದಲ ಬಗೆಯ ಮೂವರು ಇದ್ದಾರೆ: II-3, II-2, III-2. ಮಗಳಿಗೆ ರೋಗ ಇದೆ. ಅಪ್ಪ ಖಾಲಿಯಾಗಿದ್ದರೆ ಉತ್ತರ ಆಟೋಸೋಮಲ್. ಅಪ್ಪ ತುಂಬಿದ್ದರೆ ಎರಡೂ ಸಾಧ್ಯ, ಹೇಳಲಾಗದು. ಇಡೀ ಪ್ರಶ್ನೆ ನೆರಳು ಬಿದ್ದ ಆ ಒಂದೇ ಚೌಕದ ಮೇಲೆ ನಿಂತುಬಿಟ್ಟಿದೆ. ಪುಸ್ತಕದ ಉತ್ತರ ನೋಡಿಕೊಂಡು "ಹಾಗಾದರೆ ಅದು ಖಾಲಿಯೇ ಇರಬೇಕು" ಎನ್ನಬಹುದಿತ್ತು. ಹಾಗೆ ಮಾಡಿದರೆ ಉತ್ತರದಿಂದ ಚಿತ್ರ ಓದಿದಂತಾಗುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ.

ಆಗ ಕಣ್ಣಿಗೆ ಬಿದ್ದಿದ್ದು ಫೋಟೋದ ಕೆಳ ಅಂಚು. III-2 ಮತ್ತು III-3ರ ನಡುವಿನ ಮದುವೆ ಗೆರೆಯ ಮಧ್ಯದಿಂದ ಒಂದು ಸಣ್ಣ ಗೆರೆ ಕೆಳಕ್ಕೆ ಇಳಿದಿತ್ತು. ಅಕ್ಕಿ ಕಾಳಿನಷ್ಟು ಉದ್ದ ಇದ್ದಿರಬೇಕು. ಇಳಿದು, ಫೋಟೋದ ಅಂಚಿಗೆ ತಾಗಿ ಕತ್ತರಿಸಿಹೋಗಿತ್ತು. ಮಕ್ಕಳಿಲ್ಲದ ದಂಪತಿಯ ಗೆರೆಯಿಂದ ಕೆಳಕ್ಕೆ ಸುಮ್ಮನೆ ಗೆರೆ ಇಳಿಯುವುದಿಲ್ಲ. ಅಂದರೆ ಕೆಳಗೆ ಇನ್ನೊಂದು ಪೀಳಿಗೆ ಇದೆ.

"ಚಾರ್ಟ್ ಇಷ್ಟೇನಾ? ಕೆಳಗೆ ಇನ್ನೇನೂ ಇಲ್ವಾ?" ಎಂದು ಕೇಳಿದೆ.

"ಇದೆ ಮೇಡಂ, ಎರಡು ಮಕ್ಕಳು. ಇಬ್ಬರೂ ಖಾಲಿ. ರೋಗ ಇಲ್ವಲ್ಲ ಅಂತ ಕ್ರಾಪ್ ಮಾಡಿದೆ."

ಹೀಗೆ ಮಾಡುವವರು ಅವಳೊಬ್ಬಳೇ ಅಲ್ಲ. ಖಾಲಿ ಚಿಹ್ನೆಗಳಲ್ಲಿ ವಿಷಯ ಇಲ್ಲ ಎಂದು ಬಹಳ ಮಕ್ಕಳು ಅಂದುಕೊಳ್ಳುತ್ತಾರೆ. ಕಣ್ಣು ಬಣ್ಣ ತುಂಬಿದವರ ಮೇಲೆಯೇ ಓಡುತ್ತದೆ. ಆದರೆ ಈಗ ತಾನೇ ನೋಡಿದೆವಲ್ಲ, X ಊಹೆಯನ್ನು ಮುರಿಯುವ ಎರಡೂ ಬಗೆಯಲ್ಲಿ ಕೆಲಸ ಮಾಡುವುದು ಖಾಲಿ ಚಿಹ್ನೆಯೇ: ಒಂದರಲ್ಲಿ ಖಾಲಿ ಅಪ್ಪ, ಇನ್ನೊಂದರಲ್ಲಿ ಖಾಲಿ ಮಗ.

ಎರಡನೆಯ ಫೋಟೋ ಬಂತು, ಪುಟದ ಕೆಳಭಾಗದ್ದು ಮಾತ್ರ.

```
III    ●2 ─── □3
IV     □1     ○2
```

IV-1 ಖಾಲಿ ಚೌಕ. ಗಂಡು, ರೋಗವಿಲ್ಲ, ಅಮ್ಮನಿಗೆ ರೋಗ ಇದೆ. X ಊಹೆ ಸರಿ ಎಂದಿಟ್ಟುಕೊಂಡು ಈ ಮನೆಗೆ ಚೌಕ ಬರೆ ಎಂದೆ. ಅವಳು ಬರೆದು ಕಳಿಸಿದಳು:

```
           XA        Y
  Xa     XA Xa     Xa Y
  Xa     XA Xa     Xa Y
```

ಬಲಗಡೆಯ ಎರಡೂ ಮನೆ Xa Y. ಹುಟ್ಟುವ ಪ್ರತಿ ಮಗನಿಗೂ ರೋಗ. ರೋಗವಿಲ್ಲದ ಮಗನಿಗೆ ಈ ಚೌಕದಲ್ಲಿ ಜಾಗವೇ ಇಲ್ಲ. ಆದರೆ IV-1 ಇದ್ದಾನೆ. ಆದ್ದರಿಂದ ಊಹೆ ಹೋಯಿತು. ರೋಗ ಆಟೋಸೋಮಲ್ ರಿಸೆಸಿವ್.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು, ಈ ತೀರ್ಮಾನಕ್ಕೆ II-3 ಬೇಕಾಗಲೇ ಇಲ್ಲ. ನೆರಳು ಹಾಗೇ ಇದೆ, ಆ ಚೌಕ ಏನೆಂದು ಇನ್ನೂ ಗೊತ್ತಿಲ್ಲ, ಆದರೂ ಮೊದಲ ಪ್ರಶ್ನೆ ಮುಗಿಯಿತು. ಅಮ್ಮ, ಅಪ್ಪ, ಒಬ್ಬ ಮಗ, ಅದೂ ಅವಳು ಕತ್ತರಿಸಿ ಎಸೆದಿದ್ದ ಮಗ.

ಹಾಗಾದರೆ ನೆರಳಿನ ಚಿಂತೆ ಬಿಡಬಹುದಾ? ಅವಳೂ ಅದನ್ನೇ ಕೇಳಿದಳು. ಬಿಡಲಾಗದು. ಪುಸ್ತಕದಲ್ಲಿ ಎರಡನೆಯ ಪ್ರಶ್ನೆ ಇತ್ತು: III-1 ಕ್ಯಾರಿಯರ್ ಆಗಿರುವ ಸಾಧ್ಯತೆ ಎಷ್ಟು? ಇದರ ಉತ್ತರ ಅಪ್ಪ ಯಾರು ಎನ್ನುವುದರ ಮೇಲೆ ನಿಂತಿದೆ.

ಅಮ್ಮ II-2 ಖಂಡಿತ Aa. ಅವಳಿಗೆ ರೋಗವಿಲ್ಲ, ಆದ್ದರಿಂದ ಒಂದು A ಇದೆ. ಅವಳ ಮಕ್ಕಳಿಬ್ಬರು aa, ಆದ್ದರಿಂದ ಅವರಿಗೆ ಕೊಡಲು ಒಂದು a ಇದೆ. ಅಪ್ಪ II-3 ತುಂಬಿದ ಚೌಕವಾಗಿದ್ದರೆ aa. ಆಗ ಅವನು ಕೊಡುವುದೆಲ್ಲ a. III-1ಗೆ ರೋಗವಿಲ್ಲ, ಅಂದರೆ ಅಮ್ಮನಿಂದ A ಬಂದಿದೆ, ಅಪ್ಪನಿಂದ a ಬಂದಿದೆ. ಅವನು ಖಂಡಿತ ಕ್ಯಾರಿಯರ್. ಉತ್ತರ 1. ಅಪ್ಪ ಖಾಲಿ ಚೌಕವಾಗಿದ್ದರೆ Aa. ಆಗ ಉತ್ತರ ಬೇರೆ.

ಹಾಗಾಗಿ ಮೂರನೆಯ ಫೋಟೋ ಬೇಕಾಯಿತು. ಬೆಳಿಗ್ಗೆ ಕಿಟಕಿ ಪಕ್ಕ ಪುಸ್ತಕ ಇಟ್ಟು, ಬೆಳಕು ಬದಿಯಿಂದ ಬೀಳುವ ಹಾಗೆ, ಫೋನ್ ಪುಟಕ್ಕೆ ನೇರವಾಗಿ ಹಿಡಿದು ತೆಗೆ ಎಂದೆ. ನಾಲ್ಕೂ ಮೂಲೆ ಕಾಣಲಿ ಎಂದೂ ಹೇಳಿದೆ. ಬಂದ ಫೋಟೋದಲ್ಲಿ II-3ರ ಒಳಗೂ ಹೊರಗೂ ಒಂದೇ ಬಿಳಿ. ಪಕ್ಕದ II-4ರ ಬೂದು ಎದ್ದು ಕಾಣುತ್ತಿತ್ತು. ಖಾಲಿ ಚೌಕ. ಅಂದರೆ ಖಾಲಿ ಅಪ್ಪ, ತುಂಬಿದ ಮಗಳು ಎಂಬ ಮೊದಲ ಬಗೆಯ ಸಾಕ್ಷಿಯೂ ಸಿಕ್ಕಿತು. X ಊಹೆ ಎರಡು ಕಡೆ ಮುರಿಯಿತು.

ಈಗ ಅಪ್ಪ ಅಮ್ಮ ಇಬ್ಬರೂ Aa.

```
          A      a
  A      AA     Aa
  a      Aa     aa
```

ಅವಳು ಚೌಕ ನೋಡಿ ತಕ್ಷಣ 1/2 ಎಂದಳು. ನಾಲ್ಕರಲ್ಲಿ ಎರಡು Aa. ಇದು ಇಂಥ ಪ್ರಶ್ನೆಗಳಲ್ಲಿ ಅತಿ ಸಾಮಾನ್ಯವಾದ ತಪ್ಪು. ಇನ್ನೂ ಹುಟ್ಟದ ಮಗುವಿನ ಬಗ್ಗೆ ಕೇಳಿದ್ದರೆ 1/2 ಸರಿ. ಆದರೆ III-1 ಹುಟ್ಟಿದ್ದಾನೆ, ಚಾರ್ಟಿನಲ್ಲಿ ಖಾಲಿ ಚೌಕವಾಗಿ ನಿಂತಿದ್ದಾನೆ. ಅವನು aa ಅಲ್ಲ ಎಂದು ನಮಗೆ ಗೊತ್ತು. ಗೊತ್ತಿರುವುದನ್ನು ಲೆಕ್ಕದಲ್ಲಿ ಬಳಸಬೇಕು. ಚೌಕದಲ್ಲಿ aa ಮನೆಯ ಮೇಲೆ ಪೆನ್ಸಿಲಿನಿಂದ ಗೀಟು ಎಳೆ ಎಂದೆ. ಉಳಿದದ್ದು ಮೂರು ಮನೆ: ಒಂದು AA, ಎರಡು Aa. ಆದ್ದರಿಂದ 2/3.

ಪೆನ್ಸಿಲಿನಲ್ಲಿ ಗೀಟು ಎಳೆಯುವ ಈ ಕೆಲಸವನ್ನು ನಾನು ಯಾವಾಗಲೂ ಮಾಡಿಸುತ್ತೇನೆ. ಮನಸ್ಸಿನಲ್ಲೇ ಮಾಡಿದರೆ ಕೈ ತಾನಾಗಿ ನಾಲ್ಕರಿಂದ ಭಾಗಿಸಿಬಿಡುತ್ತದೆ.

ಇಲ್ಲಿ ಅವಳಿಗೆ ಇನ್ನೊಂದು ಅನುಮಾನ ಬಂತು. ಒಳ್ಳೆಯ ಅನುಮಾನ. "ಮೇಡಂ, Aa ಮತ್ತು Aa ಆದ್ರೆ ನಾಲ್ಕರಲ್ಲಿ ಒಬ್ಬರಿಗೆ ತಾನೇ ರೋಗ ಬರಬೇಕು? ಇಲ್ಲಿ ಮೂವರಲ್ಲಿ ಇಬ್ಬರಿಗೆ ಬಂದಿದೆ. ಮೇಲಿನ ಮನೆಯಲ್ಲೂ ಮೂವರಲ್ಲಿ ಇಬ್ಬರು. ಹಾಗಾದ್ರೆ ಇದು ಹೊಂದಲ್ಲ ಅಲ್ವಾ?"

ಚೌಕದ ಮನೆಗಳನ್ನು ಮಕ್ಕಳು ಎಂದು ಓದಿದರೆ ಈ ಅನುಮಾನ ಬರುತ್ತದೆ. ಚೌಕದಲ್ಲಿ ಇರುವುದು ನಾಲ್ಕು ಮಕ್ಕಳಲ್ಲ, ಒಂದೇ ಮಗುವಿನ ನಾಲ್ಕು ಸಾಧ್ಯತೆ. ಪ್ರತಿ ಮಗುವಿಗೂ ಆ ಚೌಕ ಹೊಸದಾಗಿ ಶುರುವಾಗುತ್ತದೆ. ಅಣ್ಣನಿಗೆ ರೋಗ ಬಂತು ಎಂದು ತಂಗಿ ಪಾರಾಗುವುದಿಲ್ಲ. ಮೂವರಲ್ಲಿ ಸರಿಯಾಗಿ ಇಬ್ಬರಿಗೆ ಬರುವ ಸಾಧ್ಯತೆಯನ್ನು ಲೆಕ್ಕ ಹಾಕಿಸಿದೆ. ರೋಗ ಬರುವುದು 1/4, ಬರದಿರುವುದು 3/4. ಆರೋಗ್ಯವಾಗಿರುವ ಆ ಒಬ್ಬರು ಮೂವರಲ್ಲಿ ಯಾರಾದರೂ ಆಗಬಹುದು, ಆದ್ದರಿಂದ ಮೂರರಿಂದ ಗುಣಿಸಬೇಕು.

```
3 × 1/4 × 1/4 × 3/4 = 9/64
```

100ಕ್ಕೆ ಸುಮಾರು 14. ಅಪರೂಪವೇನೂ ಅಲ್ಲ. ಎರಡು ಮನೆಯಲ್ಲೂ ಹಾಗಾಗುವುದು 100ಕ್ಕೆ ಸುಮಾರು 2, ಅದು ಕಡಿಮೆಯೇ. ಆದರೆ ಚಾರ್ಟ್ ಯಾವ ಮನೆಯದು ಬರೆಯುತ್ತಾರೆ ಎನ್ನುವುದನ್ನೂ ನೋಡಬೇಕು. ಅಪ್ಪ ಅಮ್ಮ ಇಬ್ಬರೂ ಕ್ಯಾರಿಯರ್ ಆಗಿದ್ದು, ಮೂರೂ ಮಕ್ಕಳು ಆರೋಗ್ಯವಾಗಿರುವ ಮನೆಗಳು ಎಷ್ಟೋ ಇರುತ್ತವೆ. ಅವರಲ್ಲಿ ಜೀನ್ ಇದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ, ಅವರ ಚಾರ್ಟ್ ಯಾರೂ ಬರೆಯುವುದಿಲ್ಲ. ಕಾಗದದ ಮೇಲೆ ಬರುವುದು ರೋಗ ಕಂಡ ಮನೆ, ಅದರಲ್ಲೂ ಎದ್ದು ಕಂಡ ಮನೆ. ಹಾಗಾಗಿ ಚಾರ್ಟುಗಳಲ್ಲಿ ರೋಗ ಇರುವವರು ಲೆಕ್ಕಕ್ಕಿಂತ ಜಾಸ್ತಿಯೇ ಕಾಣುತ್ತಾರೆ. ಪುಸ್ತಕ ಬರೆಯುವವರೂ ಪ್ರಶ್ನೆಗೆ ಬೇಕಾದ ಹಾಗೆ ಮಕ್ಕಳನ್ನು ಕೂರಿಸುತ್ತಾರೆ. ಒಂದು ಚಾರ್ಟಿನ ತಲೆ ಎಣಿಸಿ 3:1 ಹುಡುಕುವುದು ಈ ಕಾರಣಕ್ಕೆ ಕೆಲಸಕ್ಕೆ ಬರುವುದಿಲ್ಲ. ಮೆಂಡೆಲ್ ಆ ಅನುಪಾತ ಕಂಡಿದ್ದು ಸಾವಿರಾರು ಬಟಾಣಿ ಕಾಳು ಎಣಿಸಿ.

ಕೊನೆಯ ಪ್ರಶ್ನೆ ಎರಡು ಭಾಗದ್ದು. III-1 ಒಬ್ಬ ಕ್ಯಾರಿಯರ್ ಹೆಣ್ಣನ್ನು ಮದುವೆಯಾದರೆ ಮೊದಲ ಮಗುವಿಗೆ ರೋಗ ಬರುವ ಸಾಧ್ಯತೆ ಎಷ್ಟು? ಮೊದಲ ಮಗುವಿಗೆ ರೋಗ ಬಂದಿದೆ ಎಂದಾದರೆ ಎರಡನೆಯದಕ್ಕೆ ಎಷ್ಟು?

ಮೊದಲ ಭಾಗ ಅವಳೇ ಮಾಡಿದಳು. ಅವನು ಕ್ಯಾರಿಯರ್ ಆಗಿರುವ ಸಾಧ್ಯತೆ 2/3. ಆಗಿದ್ದರೆ ಮಗು aa ಆಗುವ ಸಾಧ್ಯತೆ 1/4. AA ಆಗಿದ್ದರೆ ರೋಗದ ಮಾತೇ ಇಲ್ಲ.

```
2/3 × 1/4 = 1/6
```

ನೆರಳನ್ನು ಬಣ್ಣ ಎಂದೇ ಓದಿದ್ದರೆ ಇದೇ ಉತ್ತರ 1 × 1/4, ಅಂದರೆ 1/4 ಆಗುತ್ತಿತ್ತು. ಫೋನಿನ ನೆರಳು ಒಂದು ಚೌಕದ ಮೇಲೆ ಬಿದ್ದದ್ದಕ್ಕೆ ಎರಡು ಪೀಳಿಗೆ ಕೆಳಗಿನ ಮಗುವಿನ ಲೆಕ್ಕ ಬದಲಾಗುತ್ತಿತ್ತು.

ಎರಡನೆಯ ಭಾಗಕ್ಕೂ ಅವಳು 1/6 ಎಂದೇ ಬರೆದಳು. "ಪ್ರತಿ ಮಗುವಿಗೂ ಚೌಕ ಹೊಸದಾಗಿ ಶುರುವಾಗುತ್ತೆ ಅಂತ ನೀವೇ ಹೇಳಿದ್ರಲ್ಲ ಮೇಡಂ?" ಎಂದಳು. ನಾನು ಹೇಳಿದ್ದು ನಿಜ, ಚೌಕ ಹೊಸದು. ಆದರೆ ಯಾವ ಚೌಕ? 2/3 ಎನ್ನುವುದು III-1ರ ಒಳಗಿನ ಜೀನಿನಲ್ಲಿ ಇರುವ ಸಂಗತಿಯಲ್ಲ. ಅವನ ಬಗ್ಗೆ ನಮಗೆ ಎಷ್ಟು ಗೊತ್ತು ಎನ್ನುವುದರ ಅಳತೆ. ಅವನು AA ಅಥವಾ Aa, ಎರಡರಲ್ಲಿ ಒಂದು, ಹುಟ್ಟಿದಾಗಲೇ ತೀರ್ಮಾನವಾಗಿದೆ. ಅವನ ಮೊದಲ ಮಗು aa ಆಗಿ ಹುಟ್ಟಿದರೆ ಅದರಲ್ಲಿ ಒಂದು a ಅವನಿಂದಲೇ ಬಂದಿರಬೇಕು. ಆ ಮಗು ಹುಟ್ಟಿದ ಗಳಿಗೆಯಲ್ಲಿ ನಮ್ಮ 2/3 ಹೋಗಿ 1 ಆಗುತ್ತದೆ. ಈಗ ಅಪ್ಪ ಖಂಡಿತ Aa, ಅಮ್ಮ ಮೊದಲೇ Aa.

ಅವಳು ಹೊಸ ಚೌಕ ಬರೆದು, 1/6ರ ಮೇಲೆ ಗೀಟು ಎಳೆದು, ಪಕ್ಕದಲ್ಲಿ 1/4 ಎಂದು ಬರೆದ ಪುಟದ ಫೋಟೋ ಕಳಿಸಿದಳು. ಈ ಸಲ ನಾಲ್ಕೂ ಮೂಲೆ ಕಾಣುತ್ತಿತ್ತು.